ಕಂಟ್ರೋಲ್ ವಾಲ್ವ್‌ಗೆ 0–10 ವೋಲ್ಟೋ, 4–20 ಮಿಲಿಆಂಪೋ? ಮೊದಲು ಕಾಮನ್ ವೈರ್ ನೋಡಿ

ಪ್ರಶ್ನೆ: ಸರ್, ಬೀದರ್‌ನ ಕೊಳಾರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ನೋಡಿಕೊಳ್ತೀನಿ. ಬಿಸಿನೀರಿನ ಟ್ಯಾಂಕಿಗೆ ಸ್ಟೀಮ್ ಬಿಡೋ ಮೋಟರ್ ವಾಲ್ವ್ ಪಿಎಲ್‌ಸಿಯಿಂದ 70 ಮೀಟರ್ ದೂರ ಇದೆ. ಸಿಗ್ನಲ್ 0–10 ವೋಲ್ಟ್. ವಾಲ್ವ್ ಒಂದು ಕಡೆ ನಿಲ್ಲಲ್ಲ, ಕಟಕಟ ಅಂತಿರುತ್ತೆ, ಪೂರ್ತಿ ತೆರೆಯೋದೂ ಇಲ್ಲ. ಪ್ಯಾನೆಲ್‌ನಲ್ಲಿ ಅಳೆದರೆ ವೋಲ್ಟೇಜ್ ಸರಿಯಾಗೇ ಇದೆ. ಈಗ ಇನ್ನೊಂದು ಲೈನಿಗೆ ಪೊಸಿಷನರ್ ಇರೋ ಗಾಳಿ ವಾಲ್ವ್ ಬರ್ತಿದೆ, ಅದು 4–20 ಮಿಲಿಆಂಪ್. 500 ಓಮ್ ರೆಸಿಸ್ಟರ್ ಹಾಕಿದರೆ ಎರಡೂ ಒಂದೇ ಅಂತಾರೆ ನಮ್ಮ ಎಲೆಕ್ಟ್ರಿಷಿಯನ್. ನಿಜಾನಾ? ಎಲ್ಲಾ 4–20ಕ್ಕೆ ಬದಲಾಯಿಸಲಾ?

ಉತ್ತರ: ನಿಮ್ಮ ಎಲೆಕ್ಟ್ರಿಷಿಯನ್ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಹಳೇ ವಾಲ್ವ್‌ಗೆ ಆ ರೆಸಿಸ್ಟರ್ ಕೆಲಸ ಮಾಡಬಹುದು, ಆದರೆ ಅದನ್ನು ಯಾವ ತುದಿಯಲ್ಲಿ ಹಾಕುತ್ತೀರಿ ಅನ್ನೋದರ ಮೇಲೆ ಎಲ್ಲ ನಿಂತಿದೆ. ಹೊಸ ಪೊಸಿಷನರ್‌ಗೆ ಮಾತ್ರ ಅದು ನಡೆಯೋದಿಲ್ಲ. ಎರಡನ್ನೂ ಬಿಡಿಸಿ ಹೇಳುತ್ತೇನೆ. ಮೊದಲು ಕಟಕಟ ಅನ್ನುತ್ತಿರೋ ವಾಲ್ವ್ ಹತ್ತಿರ ಹೋಗೋಣ.

ಪ್ಯಾನೆಲ್‌ನಲ್ಲಿ ವೋಲ್ಟೇಜ್ ಸರಿ ಇದೆ ಅಂದಿರಿ. ಅದು ಸರಿಯಾಗೇ ಇರುತ್ತೆ. ಆದರೆ ವಾಲ್ವ್ ನೋಡೋದು ಪ್ಯಾನೆಲ್‌ನ ವೋಲ್ಟೇಜನ್ನಲ್ಲ, ತನ್ನ ಟರ್ಮಿನಲ್‌ಗೆ ಬಂದಿದ್ದನ್ನ. ನೀವು ಅಳೆಯಬೇಕಾದ್ದು ಅಲ್ಲಿ. ಆಕ್ಚುಯೇಟರ್ ಮುಚ್ಚಳ ಬಿಚ್ಚಿ, ಸಿಗ್ನಲ್ ಟರ್ಮಿನಲ್ ಮತ್ತು ಕಾಮನ್ ಟರ್ಮಿನಲ್ ನಡುವೆ ಮೀಟರ್ ಇಡಿ. ಪಿಎಲ್‌ಸಿಯಲ್ಲಿ ವಾಲ್ವನ್ನು ಮ್ಯಾನ್ಯುಯಲ್‌ಗೆ ಹಾಕಿ 60 ಪರ್ಸೆಂಟ್ ಕೊಡಿಸಿ, ಅಂದರೆ 6 ವೋಲ್ಟ್. ಮೋಟರ್ ತಿರುಗುವಾಗ ಮೀಟರ್ ಮೇಲೆ ಕಣ್ಣಿಡಿ. ಮೋಟರ್ ಗುಂಯ್ ಅಂದ ಕೂಡಲೇ 6 ಹತ್ತಿರ ಇದ್ದ ಅಂಕಿ 5.2, 5.3ಕ್ಕೆ ಕುಸಿದು, ಮೋಟರ್ ನಿಂತ ಕೂಡಲೇ ಮತ್ತೆ ಮೇಲೇರಿದರೆ ರೋಗ ಸಿಕ್ಕಿತು ಅಂತಲೇ ತಿಳಿಯಿರಿ.

ಯಾಕೆ ಹೀಗಾಗುತ್ತೆ? ಇಂಥ ಆಕ್ಚುಯೇಟರ್‌ಗಳಿಗೆ ಸಾಮಾನ್ಯವಾಗಿ ಮೂರೇ ವೈರ್ ಹೋಗಿರುತ್ತವೆ. ಒಂದು 24 ವೋಲ್ಟ್ ಪ್ಲಸ್, ಒಂದು ಸಿಗ್ನಲ್, ಒಂದು ಕಾಮನ್. ಮೋಟರ್‌ಗೆ ಬೇಕಾದ ಕರೆಂಟ್ ವಾಪಸ್ ಬರೋದೂ ಇದೇ ಕಾಮನ್‌ನಲ್ಲಿ, ಸಿಗ್ನಲ್‌ನ ಸೊನ್ನೆ ಅಂತ ಲೆಕ್ಕ ಹಿಡಿಯೋದೂ ಇದೇ ಕಾಮನ್‌ನಿಂದ. ವೋಲ್ಟೇಜ್ ಅನ್ನೋದು ಯಾವತ್ತೂ ಎರಡು ಜಾಗದ ನಡುವಿನ ವ್ಯತ್ಯಾಸ, ಅಲ್ವಾ? ಫರಸಿ ಮೇಲೆ ಕೋಲು ನಿಲ್ಲಿಸಿ ಗೋಡೆ ಮೇಲಿನ ಗೆರೆಯ ಎತ್ತರ ಅಳೀತಿದ್ದೀರಿ ಅಂದುಕೊಳ್ಳಿ. ಗೆರೆ ಕದಲಿಲ್ಲ, ಆದರೆ ಕಾಲ ಕೆಳಗಿನ ಫರಸಿ ಕಲ್ಲು ಒಂದು ಗೇಣು ಮೇಲೆದ್ದರೆ ಅಳತೆ ಒಂದು ಗೇಣು ಕಡಿಮೆ ಬರುತ್ತೆ. ಇಲ್ಲಿ ಮೇಲೇಳೋ ಫರಸಿ ಅಂದರೆ ಕಾಮನ್ ವೈರ್.

ಎಷ್ಟು ಮೇಲೇಳುತ್ತೆ ಅನ್ನೋದನ್ನ ಲೆಕ್ಕ ಹಾಕೋಣ. ನೀವು ವೈರ್ ದಪ್ಪ ಬರೆದಿಲ್ಲ. ಸಿಗ್ನಲ್‌ಗೆ ಅಂತ ಎಳೆದದ್ದು ಹೆಚ್ಚಾಗಿ 0.5 ಸ್ಕ್ವೇರ್ ಎಂಎಂ ಆಗಿರುತ್ತೆ, ಹಾಗೇ ಹಿಡಿಯೋಣ. ಅದರ ತಾಮ್ರಕ್ಕೆ ಕಿಲೋಮೀಟರ್‌ಗೆ ಸುಮಾರು 36 ಓಮ್ ರೆಸಿಸ್ಟೆನ್ಸ್. 70 ಮೀಟರ್‌ಗೆ ಎರಡೂವರೆ ಓಮ್. ತಿರುಗುವಾಗ ಆಕ್ಚುಯೇಟರ್ 0.3 ಆಂಪ್ ತಗೊಳ್ಳುತ್ತೆ, ಸುಮ್ನೆ ನಿಂತಾಗ 0.05 ಆಂಪ್ ಅಂತಿಟ್ಟುಕೊಳ್ಳಿ. ನಿಮ್ಮದರ ಅಂಕಿ ನೇಮ್‌ಪ್ಲೇಟ್‌ನಲ್ಲಿ ಅಥವಾ ಕಂಪನಿಯ ಡೇಟಾಶೀಟ್‌ನಲ್ಲಿ ಸಿಗುತ್ತೆ.

```
ತಿರುಗುವಾಗ  : 0.30 × 2.5 = 0.75 ವೋಲ್ಟ್
ನಿಂತಾಗ     : 0.05 × 2.5 = 0.13 ವೋಲ್ಟ್
ಪಿಎಲ್‌ಸಿ 6.00 ಕೊಟ್ಟರೆ ವಾಲ್ವ್‌ಗೆ ಕಾಣೋದು:
ತಿರುಗುವಾಗ 5.25, ನಿಂತಾಗ 5.87
```

ಈಗ ವಾಲ್ವ್ ಜಾಗದಲ್ಲಿ ನಿಂತು ಯೋಚಿಸಿ. ಅದು 40 ಪರ್ಸೆಂಟ್‌ನಲ್ಲಿದೆ, 60ಕ್ಕೆ ಹೋಗು ಅಂತ ಆರ್ಡರ್ ಬಂತು. ಮೋಟರ್ ಶುರುವಾಯಿತು. ಶುರುವಾದ ಕ್ಷಣ ಅದಕ್ಕೆ ಕಾಣೋದು 5.25. ಹಾಗಾಗಿ 52 ಪರ್ಸೆಂಟ್ ದಾಟಿದ ಕೂಡಲೇ ಬಂದು ತಲುಪಿದೆ ಅಂತ ನಿಲ್ಲುತ್ತೆ. ನಿಂತ ಕೂಡಲೇ ಕರೆಂಟ್ ಇಳಿಯಿತು, ಈಗ 5.87 ಕಾಣುತ್ತಿದೆ. ಅಯ್ಯೋ ಇನ್ನೂ 6 ಪರ್ಸೆಂಟ್ ಬಾಕಿ ಇದೆ ಅಂತ ಮತ್ತೆ ಹೊರಡುತ್ತೆ. ಹೊರಟ ಕೂಡಲೇ ಮತ್ತೆ 5.25. ಮತ್ತೆ ನಿಲ್ಲುತ್ತೆ. ನಿಮ್ಮ ಕಟಕಟ ಇದೇ. ಪೂರ್ತಿ ತೆರೆಯದೇ ಇರೋದಕ್ಕೂ ಕಾರಣ ಇದೇ: ನೀವು 10 ವೋಲ್ಟ್ ಕೊಟ್ಟರೂ ತಿರುಗುವಾಗ ಅದಕ್ಕೆ ಕಾಣೋದು 9.25. ಅದು 92, 93 ಪರ್ಸೆಂಟ್ ಹತ್ತಿರ ಬಂದು ತಡಕಾಡುತ್ತೆ.

ಯಾದಗಿರಿ ಕಡೆಯ ಒಂದು ಘಟಕದಲ್ಲಿ ಇದೇ ತೊಂದರೆಗೆ ನಾನು ಎರಡು ದಿನ ಪಿಐಡಿ ಟ್ಯೂನಿಂಗ್ ಮಾಡಿದ್ದೆ. ಗೇನ್ ಇಳಿಸಿದೆ, ಇಂಟಿಗ್ರಲ್ ಟೈಮ್ ಏರಿಸಿದೆ, ಟ್ರೆಂಡ್ ನೋಡಿದೆ. ಸ್ವಲ್ಪ ಕಡಿಮೆ ಆದ ಹಾಗೆ ಕಾಣೋದು, ಮತ್ತೆ ಶುರು. ಮೂರನೇ ದಿನ ಮ್ಯಾನ್ಯುಯಲ್‌ಗೆ ಹಾಕಿ ನೋಡಿದರೆ, ಔಟ್‌ಪುಟ್ ಅಲ್ಲಾಡದೇ ಒಂದೇ ಅಂಕಿಯಲ್ಲಿ ನಿಂತಿದ್ದರೂ ವಾಲ್ವ್ ಕುಟುಕುತ್ತಿತ್ತು. ಅಷ್ಟು ಹೊತ್ತಿಗೆ ಆ ಆಕ್ಚುಯೇಟರ್‌ನ ಗೇರ್ ಸಾಕಷ್ಟು ಸವೆದಿತ್ತು. ಅದಕ್ಕೇ ಹೇಳೋದು, ವಾಲ್ವ್ ತಡಕಾಡುತ್ತಿದ್ದರೆ ಮೊದಲು ಲೂಪನ್ನು ಮ್ಯಾನ್ಯುಯಲ್‌ಗೆ ತನ್ನಿ. ಮ್ಯಾನ್ಯುಯಲ್‌ನಲ್ಲಿ ಶಾಂತ ಆದರೆ ಟ್ಯೂನಿಂಗ್ ನೋಡಿ. ಆಗಲೂ ಕುಟುಕಿದರೆ ಟ್ಯೂನಿಂಗ್ ಮುಟ್ಟಲೇಬೇಡಿ.

ಇದಕ್ಕೆ ಮದ್ದು ಏನು? ಜನ ಮೊದಲು ಮಾಡೋದು ದಪ್ಪ ವೈರ್ ಎಳೆಯೋದು. 2.5 ಸ್ಕ್ವೇರ್ ಹಾಕಿದರೆ ರೆಸಿಸ್ಟೆನ್ಸ್ ಐದನೇ ಒಂದು ಭಾಗಕ್ಕೆ ಇಳಿಯುತ್ತೆ, 0.75 ವೋಲ್ಟ್ ತಪ್ಪು 0.15 ಆಗುತ್ತೆ. ಹೆಚ್ಚಿನ ಆಕ್ಚುಯೇಟರ್‌ಗಳು ಅಷ್ಟನ್ನು ತಡೆದುಕೊಳ್ಳುತ್ತವೆ. ಕೆಟ್ಟ ಉಪಾಯ ಏನಲ್ಲ, ಆದರೆ 70 ಮೀಟರ್ ಹೊಸ ಕೇಬಲ್ ಖರ್ಚು.

ಎರಡನೇದು, ಸಿಗ್ನಲ್‌ಗೆ ಬೇರೆಯದೇ ಕಾಮನ್ ವೈರ್ ಕೊಡೋದು. ಇಲ್ಲಿ ಒಂದು ಎಚ್ಚರಿಕೆ. ಇನ್ನೊಂದು ವೈರ್ ಎಳೆದು ಅದನ್ನೂ ಪ್ಯಾನೆಲ್‌ನಲ್ಲಿ 24 ವೋಲ್ಟ್ ಸಪ್ಲೈನ ಮೈನಸ್‌ಗೇ ಕಟ್ಟಿದರೆ ಮೋಟರ್ ಕರೆಂಟ್ ಎರಡೂ ವೈರ್‌ನಲ್ಲಿ ಹಂಚಿಕೊಂಡು ಹರಿಯುತ್ತೆ. ತಪ್ಪು ಅರ್ಧ ಆಗುತ್ತೆ ಅಷ್ಟೆ, ಹೋಗೋದಿಲ್ಲ. ಅನಲಾಗ್ ಔಟ್‌ಪುಟ್ ಕಾರ್ಡ್‌ನ ಸೊನ್ನೆ ಆ ಸಪ್ಲೈಗೆ ಸೇರಿರಬಾರದು. ಅಂದರೆ ಐಸೊಲೇಟೆಡ್ ಕಾರ್ಡ್ ಇರಬೇಕು, ಇಲ್ಲವೇ ವಾಲ್ವ್‌ಗೇ ಬೇರೆ ಒಂದು 24 ವೋಲ್ಟ್ ಸಪ್ಲೈ ಕೊಡಬೇಕು. ಆ ಸಪ್ಲೈನ ಮೈನಸ್ ಪಿಎಲ್‌ಸಿಯ ಮೈನಸ್‌ಗೆ ಪ್ಯಾನೆಲ್‌ನಲ್ಲಿ ಎಲ್ಲೂ ಸೇರಬಾರದು. ಆಗ ಸಿಗ್ನಲ್ ಕಾಮನ್‌ನಲ್ಲಿ ಮೋಟರ್ ಕರೆಂಟ್ ಹರಿಯೋಕೆ ದಾರಿಯೇ ಇರೋದಿಲ್ಲ, ಫರಸಿ ಏಳೋದಿಲ್ಲ.

ಮೂರನೇದು ನಿಮ್ಮ ಎಲೆಕ್ಟ್ರಿಷಿಯನ್‌ರ ರೆಸಿಸ್ಟರ್. ನಿಮ್ಮ ಪರಿಸ್ಥಿತಿಗೆ ನನಗೆ ಹಿಡಿಸೋದು ಇದೇ. ಪಿಎಲ್‌ಸಿ ಕಾರ್ಡ್‌ಗೆ ಕರೆಂಟ್ ಔಟ್‌ಪುಟ್ ಸೌಲಭ್ಯ ಇದ್ದರೆ ಆ ಚಾನೆಲ್ಲನ್ನು 4–20 ಮಿಲಿಆಂಪ್‌ಗೆ ಬದಲಾಯಿಸಿ. ಕೆಲವು ಕಾರ್ಡ್‌ಗಳಲ್ಲಿ ಸಾಫ್ಟ್‌ವೇರ್ ಸೆಟ್ಟಿಂಗ್ ಜೊತೆಗೆ ವೈರನ್ನು ಬೇರೆ ಟರ್ಮಿನಲ್‌ಗೆ ಸರಿಸಬೇಕಾಗುತ್ತೆ, ಅದನ್ನು ಮರೆಯಬೇಡಿ. ಆಮೇಲೆ ವಾಲ್ವ್ ತುದಿಯಲ್ಲಿ, ಸಿಗ್ನಲ್ ಟರ್ಮಿನಲ್ ಮತ್ತು ಕಾಮನ್ ಟರ್ಮಿನಲ್ ನಡುವೆ, 500 ಓಮ್ ರೆಸಿಸ್ಟರ್ ಕೂರಿಸಿ. ಮತ್ತೆ ಹೇಳ್ತೀನಿ, ವಾಲ್ವ್ ತುದಿಯಲ್ಲಿ.

ಇದು ಹೇಗೆ ಕೆಲಸ ಮಾಡುತ್ತೆ ಗೊತ್ತಾ? ಕರೆಂಟ್ ಔಟ್‌ಪುಟ್ ಅಂದರೆ, ದಾರಿಯಲ್ಲಿ ಏನೇ ಅಡ್ಡ ಬಂದರೂ ಹೇಳಿದಷ್ಟು ಮಿಲಿಆಂಪ್ ತಳ್ಳಿಯೇ ತೀರುತ್ತೇನೆ ಅನ್ನೋ ಸರ್ಕ್ಯೂಟ್. ಪೈಪಿನ ಈ ತುದಿಯಲ್ಲಿ ಎಷ್ಟು ನೀರು ಬಿಟ್ಟಿರೋ ಆ ತುದಿಯಲ್ಲೂ ಅಷ್ಟೇ ಬರಬೇಕು. ವೈರ್ ಎರಡು ಓಮ್ ಇರಲಿ ಇಪ್ಪತ್ತು ಓಮ್ ಇರಲಿ, 12 ಮಿಲಿಆಂಪ್ ಅಂದರೆ ವಾಲ್ವ್ ಹತ್ತಿರವೂ 12 ಮಿಲಿಆಂಪೇ. ಅದು 500 ಓಮ್‌ನಲ್ಲಿ ಹರಿದಾಗ ರೆಸಿಸ್ಟರ್‌ನ ಎರಡು ಕಾಲುಗಳ ನಡುವೆ 6 ವೋಲ್ಟ್ ಹುಟ್ಟುತ್ತೆ. ಆ ಎರಡು ಕಾಲುಗಳೂ ವಾಲ್ವ್‌ನ ಟರ್ಮಿನಲ್‌ನಲ್ಲೇ ಇವೆ. ಕಾಮನ್ ವೈರ್ ಮುಕ್ಕಾಲು ವೋಲ್ಟ್ ಮೇಲೆದ್ದರೆ ರೆಸಿಸ್ಟರ್‌ನ ಎರಡು ಕಾಲೂ ಒಟ್ಟಿಗೆ ಮೇಲೇಳುತ್ತವೆ. ನಡುವಿನ 6 ವೋಲ್ಟ್ ಹಾಗೇ ಉಳಿಯುತ್ತೆ. ಈಗ ಕೋಲು ಮತ್ತು ಗೆರೆ ಎರಡೂ ಒಂದೇ ಫರಸಿ ಮೇಲಿವೆ.

ಅದೇ ರೆಸಿಸ್ಟರನ್ನು ಪ್ಯಾನೆಲ್ ತುದಿಯಲ್ಲಿ, ಪಿಎಲ್‌ಸಿ ಟರ್ಮಿನಲ್ ಮೇಲೆ ಹಾಕಿದರೆ ಏನಾಗುತ್ತೆ? ವೋಲ್ಟೇಜ್ ಪ್ಯಾನೆಲ್‌ನಲ್ಲೇ ಹುಟ್ಟಿ, ಅದೇ 70 ಮೀಟರ್ ನಡೆದು, ಅದೇ ಕಾಮನ್‌ಗೆ ಹೋಲಿಕೆ ಆಗುತ್ತೆ. ಕಟಕಟ ಒಂದು ಚೂರೂ ಕಡಿಮೆ ಆಗೋದಿಲ್ಲ. ಕೂರಿಸೋಕೆ ಅನುಕೂಲ ಅಂತ ಜನ ಹಾಕೋದು ಮಾತ್ರ ಪ್ಯಾನೆಲ್‌ನಲ್ಲೇ. ಆಮೇಲೆ 4–20ರಿಂದ ಏನೂ ಉಪಯೋಗ ಆಗಲಿಲ್ಲ ಅಂತಾರೆ.

ಕೊಳ್ಳುವಾಗ 1 ಪರ್ಸೆಂಟ್ ಮೆಟಲ್ ಫಿಲ್ಮ್ ರೆಸಿಸ್ಟರ್ ಕೇಳಿ. ಅಂಗಡಿಯಲ್ಲಿ 499 ಓಮ್ ಅಂತ ಸಿಗುತ್ತೆ. ಸಿಗದಿದ್ದರೆ ಎರಡು 1 ಕಿಲೋಓಮ್ ರೆಸಿಸ್ಟರ್ ಪಕ್ಕಪಕ್ಕ ಪ್ಯಾರಲೆಲ್ ಹಾಕಿ, 500 ಆಗುತ್ತೆ. 20 ಮಿಲಿಆಂಪ್‌ನಲ್ಲಿ ಅದು 0.2 ವ್ಯಾಟ್ ಶಾಖ ಉಗುಳುತ್ತೆ. ಕಾಲು ವ್ಯಾಟ್‌ನದು ಲೆಕ್ಕಕ್ಕೆ ಸಾಕು, ಆದರೆ ಮೇ ತಿಂಗಳ ಬಿಸಿಲಲ್ಲಿ ಸ್ಟೀಮ್ ಲೈನ್ ಪಕ್ಕದ ಡಬ್ಬಿಯೊಳಗೆ ಕೂರೋ ಸಾಮಾನಿಗೆ ಅರ್ಧ ವ್ಯಾಟ್‌ನದ್ದೇ ಹಾಕಿ. ಇನ್ನೊಂದು, ಮುಚ್ಚಳ ತೆಗೆದಾಗ ಒಳಗಿನ ಡಿಪ್ ಸ್ವಿಚ್ ನೋಡಿ. ಎಷ್ಟೋ ಆಕ್ಚುಯೇಟರ್‌ಗಳಲ್ಲಿ ಮಿಲಿಆಂಪ್ ಇನ್‌ಪುಟ್ ಆಯ್ಕೆ ಇರುತ್ತೆ, ರೆಸಿಸ್ಟರ್ ಒಳಗೇ ಇರುತ್ತೆ. ಇದ್ದರೆ ಹೊರಗೆ ಹಾಕಬೇಡಿ. ಇಲ್ಲದಿದ್ದರೆ ಸ್ವಿಚ್ಚನ್ನು 2–10 ವೋಲ್ಟ್‌ಗೆ ತಿರುಗಿಸಿ. ಯಾಕಂದರೆ 4 ಮಿಲಿಆಂಪ್ ಅಂದರೆ 500 ಓಮ್ ಮೇಲೆ 2 ವೋಲ್ಟ್. ಸ್ವಿಚ್ 0–10ರಲ್ಲೇ ಉಳಿದರೆ ಪಿಎಲ್‌ಸಿ ಪೂರ್ತಿ ಮುಚ್ಚು ಅಂದಾಗಲೂ ವಾಲ್ವ್ 20 ಪರ್ಸೆಂಟ್ ತೆರೆದೇ ಇರುತ್ತೆ. ಬಿಸಿನೀರಿನ ಟ್ಯಾಂಕ್ ರಾತ್ರಿ ಇಡೀ ಕುದಿಯುತ್ತೆ.

ಇದಿಷ್ಟು ಕೇಳಿ 4–20 ಅಂದರೆ ಯಾವ ತೊಂದರೆಯೂ ಇಲ್ಲ ಅನ್ನಿಸಬಹುದು. ಹಾಗಲ್ಲ. ಅದರ ತೊಂದರೆ ಬೇರೆ ಕಡೆ ಇರುತ್ತೆ. ತಳ್ಳಿಯೇ ತೀರುತ್ತೇನೆ ಅಂದ ಕಾರ್ಡ್‌ಗೂ ತಳ್ಳೋ ಶಕ್ತಿಗೆ ಮಿತಿ ಇದೆ. ಕಾರ್ಡ್‌ನ ಡೇಟಾಶೀಟ್‌ನಲ್ಲಿ ಲೋಡ್ ಗರಿಷ್ಠ 500 ಓಮ್, ಅಥವಾ 600 ಓಮ್ ಅಂತ ಬರೆದಿರುತ್ತಾರೆ. 20 ಮಿಲಿಆಂಪ್‌ನಿಂದ ಗುಣಿಸಿದರೆ ಅದು ಖಾತರಿ ಕೊಡೋ ವೋಲ್ಟೇಜ್ ಬರುತ್ತೆ: ಮೊದಲನೇದಕ್ಕೆ 10 ವೋಲ್ಟ್, ಎರಡನೇದಕ್ಕೆ 12. ನಿಮ್ಮ ಹಳೇ ವಾಲ್ವ್‌ಗೆ ರೆಸಿಸ್ಟರ್‌ನ 10 ವೋಲ್ಟ್, ಕೇಬಲ್‌ನ 0.1, ಮೇಲೆದ್ದ ಕಾಮನ್‌ನ 0.75, ಒಟ್ಟು 10.85 ಬೇಕು. 600 ಓಮ್ ಕಾರ್ಡ್ ಇದ್ದರೆ ನಡೆಯುತ್ತೆ. 500 ಓಮ್‌ನದಾದರೆ ಕೊನೆಯ ಒಂದಿಷ್ಟು ತೆರೆಯೋದು ಖಾತರಿ ಇಲ್ಲ. ಆಗ ಎರಡನೇ ಮದ್ದಿಗೆ ಹೋಗಿ. ಕೆಲಸ ಶುರು ಮಾಡೋ ಮೊದಲು ಕಾರ್ಡ್ ಮೇಲಿನ ನಂಬರ್ ಓದಿ ಡೇಟಾಶೀಟ್ ತೆಗೆದು ನೋಡಿ.

ಈಗ ಹೊಸ ಗಾಳಿ ವಾಲ್ವ್. ಅದರ ಪೊಸಿಷನರ್ ಎರಡು ವೈರ್‌ನದು ಅಂತಲೇ ಹಿಡಿಯುತ್ತೇನೆ, ಹೆಚ್ಚಿನವು ಹಾಗೇ ಇರುತ್ತವೆ. ಅದಕ್ಕೆ ಬೇರೆ 24 ವೋಲ್ಟ್ ಸಪ್ಲೈ ಇರೋದಿಲ್ಲ. ಅದರೊಳಗಿನ ಎಲೆಕ್ಟ್ರಾನಿಕ್ಸ್, ಪುಟ್ಟ ಡಿಸ್‌ಪ್ಲೇ, ಗಾಳಿಯನ್ನು ಬಿಡೋ ತಡೆಯೋ ಭಾಗ, ಎಲ್ಲ ಬದುಕೋದು ಈ 4–20 ಮಿಲಿಆಂಪ್‌ನಲ್ಲೇ. ಆ ಎರಡು ವೈರ್‌ನಲ್ಲಿ ಆರ್ಡರೂ ಬರುತ್ತೆ, ಊಟವೂ ಬರುತ್ತೆ. ಸೊನ್ನೆ ಅನ್ನೋದನ್ನ 4ರಿಂದ ಶುರು ಮಾಡಿರೋದಕ್ಕೆ ಒಂದು ಕಾರಣವೂ ಇದೇ. ಪೂರ್ತಿ ಮುಚ್ಚು ಅಂದಾಗಲೂ ಹೊಟ್ಟೆಗೆ ಏನಾದರೂ ಸಿಗಬೇಕು. ಸಾಮಾನ್ಯವಾಗಿ 3.6, 3.8 ಮಿಲಿಆಂಪ್‌ಗಿಂತ ಕೆಳಗೆ ಇಳಿದರೆ ಪೊಸಿಷನರ್ ಆರಿಹೋಗುತ್ತೆ.

ಹಾಗಾಗಿ ಪಿಎಲ್‌ಸಿಯ 0–10 ವೋಲ್ಟ್ ಔಟ್‌ಪುಟ್‌ಗೆ ಒಂದು ರೆಸಿಸ್ಟರ್ ಸೇರಿಸಿ ಇದನ್ನು ಓಡಿಸೋಕೆ ಆಗೋದಿಲ್ಲ. ರೆಸಿಸ್ಟರ್ ಕರೆಂಟನ್ನು ವೋಲ್ಟೇಜ್ ಮಾಡಬಲ್ಲದು. ವೋಲ್ಟೇಜನ್ನು, ಎದುರಿಗೆ ಏನೇ ಇದ್ದರೂ ಬದಲಾಗದ ಕರೆಂಟ್ ಮಾಡೋಕೆ ಸರ್ಕ್ಯೂಟೇ ಬೇಕು. 0 ವೋಲ್ಟ್ ಇದ್ದಾಗ 4 ಮಿಲಿಆಂಪ್ ಎಲ್ಲಿಂದ ಬರಬೇಕು ಹೇಳಿ. ಕಾರ್ಡ್‌ನಲ್ಲಿ ಕರೆಂಟ್ ಔಟ್‌ಪುಟ್ ಇಲ್ಲದಿದ್ದರೆ ತನ್ನದೇ 24 ವೋಲ್ಟ್ ಸಪ್ಲೈ ಇರೋ ಸಿಗ್ನಲ್ ಕನ್ವರ್ಟರ್ ತಗೊಳ್ಳಿ. ಅದನ್ನು ಪ್ಯಾನೆಲ್‌ನಲ್ಲೇ, ಕಾರ್ಡ್ ಪಕ್ಕದಲ್ಲೇ ಕೂರಿಸಿ, ಆಗ ವೋಲ್ಟೇಜ್ ನಡೆಯೋದು ಒಂದು ಗೇಣು ಮಾತ್ರ.

ಪೊಸಿಷನರ್ ಎಷ್ಟು ವೋಲ್ಟೇಜ್ ತಿನ್ನುತ್ತೆ ಅನ್ನೋದು ಮುಖ್ಯ. ಸ್ಮಾರ್ಟ್ ಪೊಸಿಷನರ್‌ಗಳಲ್ಲಿ 8ರಿಂದ 10 ವೋಲ್ಟ್ ಸಾಮಾನ್ಯ. ಕೆಲವು ಕಂಪನಿಗಳು ಇದನ್ನೇ 20 ಮಿಲಿಆಂಪ್‌ನಲ್ಲಿ ಇಷ್ಟು ಓಮ್ ಅಂತ ಬರೆಯುತ್ತವೆ. ಇಲ್ಲಿ ಜನ ಮೋಸ ಹೋಗುತ್ತಾರೆ. ಅದು ನಿಜವಾದ ರೆಸಿಸ್ಟರ್ ಅಲ್ಲ. ರೆಸಿಸ್ಟರ್ ಆಗಿದ್ದರೆ 4 ಮಿಲಿಆಂಪ್‌ನಲ್ಲಿ 2 ವೋಲ್ಟ್ ಸಾಕಿತ್ತು. ಪೊಸಿಷನರ್‌ಗೆ 4 ಮಿಲಿಆಂಪ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ 9 ವೋಲ್ಟ್ ಬೇಕು. ಹಾಗಾಗಿ ಅದರ ಬದಲು ರೆಸಿಸ್ಟರ್ ಕಟ್ಟಿ ಕೆಳಗಿನ ಅಂಕಿಯಲ್ಲಿ ಲೂಪ್ ಟೆಸ್ಟ್ ಮಾಡಿದರೆ ಎಲ್ಲ ಸರಿ ಕಾಣುತ್ತೆ. ಪೊಸಿಷನರ್ ಕಟ್ಟಿದ ಮೇಲೆ ಕೈಕೊಡುತ್ತೆ.

ಹೀಗೆ ಕೈಕೊಟ್ಟದ್ದನ್ನು ಒಂದು ಔಷಧ ಘಟಕದಲ್ಲಿ ನೋಡಿದ್ದೇನೆ. ಸಾಲ್ವೆಂಟ್ ಬಳಸೋ ಜಾಗ, ಕಿಡಿ ಹತ್ತಬಾರದು ಅಂತ ಪ್ಯಾನೆಲ್‌ನಲ್ಲಿ ಜೀನರ್ ಬ್ಯಾರಿಯರ್ ಹಾಕಿದ್ದರು. ಪಿಎಲ್‌ಸಿ ಸ್ಕ್ರೀನ್ 100 ಪರ್ಸೆಂಟ್ ಅನ್ನುತ್ತಿತ್ತು, ವಾಲ್ವ್ ಕಾಲು ಭಾಗ ತೆರೆದು ಅಲ್ಲೇ ನಿಂತಿತ್ತು. ಗಾಳಿ ಪ್ರೆಶರ್ ನೋಡಿದರು, ಗ್ಲ್ಯಾಂಡ್ ಸಡಿಲ ಮಾಡಿದರು, ವಾಲ್ವೇ ಕೆಟ್ಟಿದೆ ಅಂತ ಬಿಚ್ಚೋಕೆ ಪಾನಾ ತಂದಾಗಿತ್ತು. ಲೂಪ್‌ನಲ್ಲಿ ಮೀಟರ್ ಹಾಕಿದರೆ 8 ಚಿಲ್ಲರೆ ಮಿಲಿಆಂಪ್. ಎಷ್ಟು ಏರಿಸಿದರೂ ಅದರ ಮೇಲೆ ಹೋಗಲ್ಲ. ಲೆಕ್ಕ ಹೀಗಿತ್ತು:

```
ಪೊಸಿಷನರ್               : 9.5 ವೋಲ್ಟ್
ಬ್ಯಾರಿಯರ್, ಸುಮಾರು 300 ಓಮ್ : 0.02 × 300 = 6.0 ವೋಲ್ಟ್
ಕೇಬಲ್, ಸುಮಾರು 5 ಓಮ್      : 0.02 × 5 = 0.1 ವೋಲ್ಟ್
20 ಮಿಲಿಆಂಪ್‌ಗೆ ಬೇಕಾದ್ದು   : 15.6 ವೋಲ್ಟ್
ಕಾರ್ಡ್ ಖಾತರಿ ಕೊಡೋದು     : 12 ವೋಲ್ಟ್
```

ಪೊಸಿಷನರ್ 9.5 ತಿಂದ ಮೇಲೆ ಉಳಿದದ್ದು ಎರಡೂವರೆ ವೋಲ್ಟ್. 305 ಓಮ್‌ನಲ್ಲಿ ಅದು ತಳ್ಳಬಲ್ಲದ್ದು 8.2 ಮಿಲಿಆಂಪ್, ಅಂದರೆ 26 ಪರ್ಸೆಂಟ್. ವಾಲ್ವ್ ತನಗೆ ಬಂದ ಆರ್ಡರನ್ನ ನಿಯತ್ತಾಗಿ ಪಾಲಿಸುತ್ತಿತ್ತು. ಜೀನರ್ ಬ್ಯಾರಿಯರ್ ತೆಗೆದು, ತನ್ನದೇ ಸಪ್ಲೈ ಇರೋ ಐಸೊಲೇಟಿಂಗ್ ಬ್ಯಾರಿಯರ್ ಹಾಕಿದ ಮೇಲೆ ಪೂರ್ತಿ ತೆರೆಯಿತು. ನಿಮ್ಮದೂ ಸಾಲ್ವೆಂಟ್ ಇರೋ ಜಾಗವಾದರೆ ಬ್ಯಾರಿಯರ್ ಮತ್ತು ಪೊಸಿಷನರ್ ಎರಡರ ಸರ್ಟಿಫಿಕೇಟ್‌ನ ಅಂಕಿಗಳು ಒಂದಕ್ಕೊಂದು ಹೊಂದಬೇಕು. ಸುಮ್ನೆ ಅಂಗಡಿಯಲ್ಲಿ ಸಿಕ್ಕಿದ್ದನ್ನ ತಂದು ಹಾಕೋ ಹಾಗಿಲ್ಲ. ಬ್ಯಾರಿಯರ್ ಇಲ್ಲದ ಜಾಗವಾದರೆ ನಿಮಗೆ ಬೇಕಾಗೋದು 9.6 ವೋಲ್ಟ್ ಅಷ್ಟೆ. 600 ಓಮ್ ಕಾರ್ಡ್ ಆರಾಮಾಗಿ ಓಡಿಸುತ್ತೆ. 500 ಓಮ್‌ನದು ಅಂಚಿನಲ್ಲಿ ನಿಲ್ಲುತ್ತೆ.

ಮೀಟರ್ ಹಾಕೋ ಕ್ರಮದ ಬಗ್ಗೆ ಒಂದು ಮಾತು. ಮಿಲಿಆಂಪ್ ಅಳೆಯೋಕೆ ಲೂಪ್ ಬಿಚ್ಚಬೇಕು, ಬಿಚ್ಚಿದ ಕ್ಷಣ ಪೊಸಿಷನರ್ ಆರಿ ವಾಲ್ವ್ ಬಡಿದು ಮುಚ್ಚುತ್ತೆ, ಪ್ರೊಡಕ್ಷನ್‌ನವರು ಓಡಿ ಬರುತ್ತಾರೆ. ಅದಕ್ಕೆ ಪ್ಯಾನೆಲ್‌ನಲ್ಲಿ ಅನಲಾಗ್ ಔಟ್‌ಪುಟ್‌ಗಳಿಗೆ ನೈಫ್ ಡಿಸ್ಕನೆಕ್ಟ್ ಟರ್ಮಿನಲ್ ಹಾಕಿಸಿ. ಮೀಟರನ್ನು ಮಿಲಿಆಂಪ್‌ಗೆ ಇಟ್ಟು ಎರಡು ಪ್ರೋಬ್‌ಗಳನ್ನು ನೈಫ್‌ನ ಆ ಕಡೆ ಈ ಕಡೆ ಮೊದಲು ಸಿಕ್ಕಿಸಿ. ಆಮೇಲೆ ನೈಫ್ ಎತ್ತಿ. ಕರೆಂಟ್ ಮೀಟರ್ ಮೂಲಕ ದಾರಿ ಹಿಡಿಯುತ್ತೆ, ವಾಲ್ವ್‌ಗೆ ಗೊತ್ತೂ ಆಗೋದಿಲ್ಲ. ಮುಗಿದ ಮೇಲೆ ಮೊದಲು ನೈಫ್ ಇಳಿಸಿ, ಆಮೇಲೆ ಪ್ರೋಬ್ ತೆಗೆಯಿರಿ. ಇದನ್ನೆಲ್ಲ ಮಾಡೋ ಮುಂಚೆ ಮೀಟರ್‌ನ ಮಿಲಿಆಂಪ್ ಫ್ಯೂಸ್ ಸರಿ ಇದೆಯಾ ನೋಡಿ. ಫ್ಯೂಸ್ ಹೋದ ಮೀಟರ್ ಹಾಕಿ ನೈಫ್ ಎತ್ತಿದರೆ ಲೂಪ್ ಬಿಚ್ಚಿದ ಹಾಗೇ.

50 ಪರ್ಸೆಂಟ್ ಕೊಟ್ಟಾಗ 12 ಮಿಲಿಆಂಪ್ ಕಾಣಬೇಕು. 10 ಕಂಡರೆ ಕಾರ್ಡ್ ಸೆಟ್ಟಿಂಗ್ 0–20ರಲ್ಲಿ ಉಳಿದಿದೆ. ಆಗ ವಾಲ್ವ್ 37.5 ಪರ್ಸೆಂಟ್‌ಗೆ ಹೋಗಿ ನಿಲ್ಲುತ್ತೆ, ಮತ್ತು ಸೊನ್ನೆಯಿಂದ 20 ಪರ್ಸೆಂಟ್ ತನಕ ನೀವು ಏನು ಕೊಟ್ಟರೂ ಅಲ್ಲಾಡೋದೇ ಇಲ್ಲ. ಹೊಸ ವಾಲ್ವ್ ಕಮಿಷನಿಂಗ್‌ನಲ್ಲಿ ನಾನು ಜಾಸ್ತಿ ಕಂಡಿರೋ ತಪ್ಪು ಇದು. ಮಿಲಿಆಂಪ್ ಗಟ್ಟಿಯಾಗಿ 12ರಲ್ಲೇ ನಿಂತಿದ್ದು ವಾಲ್ವ್ ಆಡುತ್ತಿದ್ದರೆ ಮಾತ್ರ ವೈರಿಂಗ್ ಬಿಟ್ಟು ಗಾಳಿ ಕಡೆ ನೋಡಿ: ರೆಗ್ಯುಲೇಟರ್, ಫಿಲ್ಟರ್‌ನಲ್ಲಿ ನೀರು, ಬಿಗಿಯಾದ ಗ್ಲ್ಯಾಂಡ್, ಸಡಿಲವಾದ ಫೀಡ್‌ಬ್ಯಾಕ್ ಲಿವರ್.

ಇನ್ನು ವೈರ್ ತುಂಡಾದರೆ ಏನಾಗುತ್ತೆ ಅನ್ನೋದು. ನನ್ನ ಪ್ರಕಾರ ಎರಡು ಸಿಗ್ನಲ್‌ಗಳ ನಡುವಿನ ದೊಡ್ಡ ವ್ಯತ್ಯಾಸ ಇದೇ. 0–10ರಲ್ಲಿ 0 ವೋಲ್ಟ್ ಅಂದರೆ ಮುಚ್ಚು ಅನ್ನೋ ಆರ್ಡರ್. ಇಲಿ ವೈರ್ ಕಡಿದರೂ 0 ವೋಲ್ಟೇ. ವಾಲ್ವ್‌ಗೆ ಎರಡರ ನಡುವೆ ಭೇದ ಗೊತ್ತಾಗಲ್ಲ, ಪಿಎಲ್‌ಸಿಗೂ ಗೊತ್ತಾಗಲ್ಲ. 4–20ರಲ್ಲಿ ಮುಚ್ಚು ಅಂದರೆ 4. ಸೊನ್ನೆ ಬಂತು ಅಂದರೆ ಏನೋ ಮುರಿದಿದೆ ಅಂತಲೇ ಅರ್ಥ. ಡಯಾಗ್ನಾಸ್ಟಿಕ್ಸ್ ಇರೋ ಕಾರ್ಡ್‌ಗಳು ಕರೆಂಟ್ ತಳ್ಳೋಕೆ ಆಗ್ತಿಲ್ಲ ಅಂತ ವೈರ್ ಬ್ರೇಕ್ ಅಲಾರಂ ಕೊಡುತ್ತವೆ. ಪೊಸಿಷನರ್ ಆರಿದಾಗ ಗಾಳಿ ಹೊರಗೆ ಹೋಗಿ ಸ್ಪ್ರಿಂಗ್ ವಾಲ್ವನ್ನು ತನ್ನ ಕಡೆ ಎಳೆದುಕೊಳ್ಳುತ್ತೆ. ಅದು ಯಾವ ಕಡೆ ಅನ್ನೋದನ್ನ ವಾಲ್ವ್ ಆರ್ಡರ್ ಮಾಡುವಾಗಲೇ ತೀರ್ಮಾನ ಮಾಡಬೇಕು. ಸ್ಟೀಮ್ ವಾಲ್ವ್ ಆದರೆ ಗಾಳಿ ಹೋದಾಗ ಮುಚ್ಚಬೇಕು. ಶಾಖ ಹುಟ್ಟಿಸೋ ರಿಯಾಕ್ಟರ್‌ನ ಕೂಲಿಂಗ್ ವಾಟರ್ ವಾಲ್ವ್ ಆದರೆ ತೆರೆಯಬೇಕು. ಆ ಎರಡನೇ ತರಹದ ವಾಲ್ವ್‌ಗೆ 4 ಮಿಲಿಆಂಪ್ ಅಂದರೆ ಪೂರ್ತಿ ತೆರೆ, 20 ಅಂದರೆ ಮುಚ್ಚು ಅಂತ ಉಲ್ಟಾ ಇಡೋದು ವಾಡಿಕೆ. ಪಿಎಲ್‌ಸಿ ಬರೆಯೋರಿಗೆ ಇದನ್ನು ಬಾಯಲ್ಲಿ ಹೇಳಿ ಬಿಡಬೇಡಿ, ಡ್ರಾಯಿಂಗ್ ಮೇಲೆ ಬರೆದುಕೊಡಿ.

ನಿಮ್ಮ ಹಳೇ ಮೋಟರ್ ವಾಲ್ವ್ ವಿಷಯದಲ್ಲಿ ಇನ್ನೊಂದು ಗಮನಿಸಿ. ಕರೆಂಟ್ ಹೋದರೆ ಅದು ಇದ್ದಲ್ಲೇ ನಿಲ್ಲುತ್ತೆ, ಸ್ಪ್ರಿಂಗ್ ರಿಟರ್ನ್ ಇದ್ದರೆ ಮಾತ್ರ ಮುಚ್ಚುತ್ತೆ. ಸಿಗ್ನಲ್ 4–20 ಮಾಡಿದ ಮಾತ್ರಕ್ಕೆ ಇದು ಬದಲಾಗೋದಿಲ್ಲ.

ಎಲ್ಲಾ ಬದಲಾಯಿಸಲಾ ಅಂತ ಕೇಳಿದ್ದೀರಿ. ಬೇಡ. ಪ್ಯಾನೆಲ್ ಒಳಗೇ ಇರೋ ಡ್ರೈವ್‌ಗೆ, ನಾಲ್ಕೈದು ಮೀಟರ್ ಆಚೆ ಇರೋ ಸಣ್ಣ ಡ್ಯಾಂಪರ್‌ಗೆ 0–10 ಚೆನ್ನಾಗೇ ಕೆಲಸ ಮಾಡುತ್ತೆ. ಅದನ್ನು ಅಳೆಯೋದೂ ಸುಲಭ, ಏನೂ ಬಿಚ್ಚಬೇಕಿಲ್ಲ. ನಾನು ಬದಲಾಯಿಸೋದು ಇವನ್ನ: ಬೇರೆ ಕಟ್ಟಡಕ್ಕೆ ಹೋಗೋ ಸಿಗ್ನಲ್, ಮೋಟರ್ ಡ್ರೈವ್ ಕೇಬಲ್ ಪಕ್ಕದಲ್ಲೇ ಟ್ರೇನಲ್ಲಿ ಓಡೋ ಸಿಗ್ನಲ್, ವೈರ್ ತುಂಡಾದರೆ ಅಪಾಯ ಆಗೋ ವಾಲ್ವ್. ಬೇರೆ ಕಟ್ಟಡ ಅಂತ ಯಾಕಂದೆ ಅಂದರೆ, ಎರಡು ಕಟ್ಟಡಗಳ ಅರ್ಥಿಂಗ್ ಒಂದೇ ಮಟ್ಟದಲ್ಲಿ ಇರುತ್ತೆ ಅಂತ ನಂಬೋ ಹಾಗಿಲ್ಲ. ನಮ್ಮ ಕಡೆ ಕಪ್ಪು ಮಣ್ಣಿನ ಜಾಗದಲ್ಲಿ ಬೇಸಿಗೆ ಬಂದರೆ ನೆಲ ಬಿರಿಯುತ್ತೆ, ಅರ್ಥ್ ಪಿಟ್‌ಗೆ ನೀರು ಹಾಕದಿದ್ದರೆ ಅದರ ರೆಸಿಸ್ಟೆನ್ಸ್ ಏರುತ್ತೆ. ಆ ವ್ಯತ್ಯಾಸ ಸೀದಾ ಬಂದು 0–10ರ ಸೊನ್ನೆಯಲ್ಲಿ ಕೂರುತ್ತೆ. ಎರಡು ತರಹದ ಸಿಗ್ನಲ್‌ಗೂ ಜೋಡಿ ತಿರುಚಿದ, ಶೀಲ್ಡ್ ಇರೋ ಕೇಬಲ್ಲೇ ಹಾಕಿ. ಶೀಲ್ಡನ್ನು ಪ್ಯಾನೆಲ್ ತುದಿಯಲ್ಲಿ ಮಾತ್ರ ಅರ್ಥ್ ಮಾಡಿ, ವಾಲ್ವ್ ತುದಿಯಲ್ಲಿ ಟೇಪ್ ಸುತ್ತಿ ಬಿಡಿ.

ಹೊಸ ವಾಲ್ವ್ ಕೂರಿಸಿದ ದಿನ, ಲೈನಿಗೆ ಇನ್ನೂ ಏನೂ ಬಿಡದೇ ಇರುವಾಗ, 50 ಪರ್ಸೆಂಟ್ ಕೊಟ್ಟು ಮೀಟರ್ ಇಲ್ಲದೇ ಆ ನೈಫ್ ಎತ್ತಿಬಿಡಿ. ವಾಲ್ವ್ ಯಾವ ಕಡೆ ಹೋಗುತ್ತೆ ಅಂತ ಪಕ್ಕದಲ್ಲಿ ನಿಂತು ನೋಡಿ. ಆಮೇಲೆ ಪಿಎಲ್‌ಸಿಯನ್ನು ಸ್ಟಾಪ್‌ಗೆ ಹಾಕಿ ಮತ್ತೆ ನೋಡಿ. ಕಾರ್ಡ್ ಸೆಟ್ಟಿಂಗ್‌ನಲ್ಲಿ ಕೊನೆಯ ಬೆಲೆ ಹಿಡಿದಿಡು ಅಂತ ಇದ್ದರೆ ಪಿಎಲ್‌ಸಿ ನಿಂತರೂ ವಾಲ್ವ್ ತೆರೆದೇ ಇರುತ್ತೆ. ಈ ಎರಡು ಸಲವೂ ವಾಲ್ವ್ ನಿಮಗೆ ಬೇಕಾದ ಕಡೆ ಹೋದ ಮೇಲೆ ಲೈನ್ ತೆರೆಯಿರಿ.